ಮಲಗಿದಲ್ಲೇ ಶಾಲೆ: ಮೂಳೆ ವಾರ್ಡಿನ ಆರು ಹಾಸಿಗೆಗೆ ಒಂದೇ ಪಾಠ ಮಾಡುವ ಬಗೆ

ತೊಡೆಯ ಮೂಳೆ ಮುರಿದುಕೊಂಡ ಮಗು, ತೂಕ ಕಟ್ಟಿ ಕಾಲನ್ನು ಎಳೆದಿಡುವ ಟ್ರ್ಯಾಕ್ಷನ್‌ನಲ್ಲಿ ಎರಡು ಮೂರು ವಾರ ಒಂದೇ ಹಾಸಿಗೆಯಲ್ಲಿ ಇರಬೇಕಾಗಬಹುದು. ಮೂಳೆಗೆ ಸೋಂಕು ತಗುಲಿದ ಮಗುವಿಗೆ ವಾರಗಟ್ಟಲೆ ಡ್ರಿಪ್ ಇರುತ್ತದೆ. ಇಂಥ ಮಕ್ಕಳಿಗೆ ಪಾಠ ಹೇಳಲು ಹೋಗುವ ಟೀಚರ್‌ಗಳು, ಸ್ವಯಂಸೇವಕರು ಸಾಮಾನ್ಯವಾಗಿ ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗಿ ಹತ್ತು ಹತ್ತು ನಿಮಿಷ ಕೂರುತ್ತಾರೆ. ತಪ್ಪೇನಿಲ್ಲ. ಆದರೆ ಅದು ಶಾಲೆಯಲ್ಲ, ಮನೆಪಾಠ. ಒಂದು ಮಗುವಿಗೆ ಹತ್ತು ನಿಮಿಷ ಸಿಕ್ಕರೆ ಉಳಿದ ಐವತ್ತು ನಿಮಿಷ ಅದು ಮೊಬೈಲ್ ನೋಡುತ್ತದೆ, ಇಲ್ಲವೇ ಫ್ಯಾನ್ ನೋಡುತ್ತದೆ.

ಎಲ್ಲರೂ ಒಟ್ಟಿಗೆ ಕಲಿಯಬೇಕಾದರೆ ಚಟುವಟಿಕೆಯನ್ನು ಕಟ್ಟುವ ರೀತಿಯೇ ಬೇರೆ. ಪ್ರತಿ ಮಗುವಿನ ಹತ್ತಿರ ಬೇರೆಯವರ ಹತ್ತಿರ ಇಲ್ಲದ ಒಂದು ತುಂಡು ಇರಬೇಕು. ಆ ತುಂಡು ಸಿಗದೆ ಉಳಿದವರ ಕೆಲಸ ಮುಂದೆ ಹೋಗಬಾರದು. ಎಲ್ಲರಿಗಿಂತ ಕಡಿಮೆ ಅಲುಗಾಡಬಲ್ಲ ಮಗುವಿಗೆ ಎಲ್ಲರಿಗಿಂತ ಮುಖ್ಯವಾದ ತುಂಡು ಹೋಗಬೇಕು. ಕೆಳಗೆ ಹೇಳುವುದೆಲ್ಲ ಈ ಮಾತಿನ ಮೇಲೆಯೇ ನಿಂತಿದೆ.

ಮೊದಲ ಹೆಜ್ಜೆ: ಮಗು ಕಾಣುವುದನ್ನು ನೀವೂ ಕಾಣಿ

ಪಾಠ ಶುರು ಮಾಡುವ ಹಿಂದಿನ ದಿನ ವಾರ್ಡಿಗೆ ಹೋಗಿ. ಸಿಸ್ಟರ್ ಅನುಮತಿ ಕೊಟ್ಟರೆ ಖಾಲಿ ಹಾಸಿಗೆಯ ಮೇಲೆ ದಿಂಬಿಲ್ಲದೆ ಅಂಗಾತ ಮಲಗಿ. ಗೋಡೆಗೆ ಹಚ್ಚಿದ ಬಣ್ಣಬಣ್ಣದ ಅಕ್ಷರಮಾಲೆ ಕಾಣಿಸುವುದೇ ಇಲ್ಲ ಅಂತ ಆಗ ಗೊತ್ತಾಗುತ್ತದೆ. ಕಾಣುವುದು ಛಾವಣಿ, ಟ್ಯೂಬ್‌ಲೈಟ್, ಡ್ರಿಪ್ ಬಾಟಲಿ, ಮತ್ತು ಹತ್ತಿರ ಬಂದು ಬಗ್ಗಿದವರ ಮುಖ. ಪಕ್ಕದ ಹಾಸಿಗೆಯ ಮಗುವಿನ ದನಿ ಕೇಳುತ್ತದೆ, ಮುಖ ಕಾಣುವುದಿಲ್ಲ.

ಆಮೇಲೆ ಒಂದು ಹಾಳೆಯಲ್ಲಿ ವಾರ್ಡಿನ ನಕ್ಷೆ ಬರೆದು, ಪ್ರತಿ ಹಾಸಿಗೆಯ ಎದುರು ಮೂರು ವಿಷಯ ಗುರುತು ಹಾಕಿಕೊಳ್ಳಿ: ಯಾವ ಕೈ ಬಿಡುವಾಗಿದೆ, ಎಷ್ಟು ಎದ್ದು ಕೂರಬಹುದು, ಕುತ್ತಿಗೆ ಎಷ್ಟು ತಿರುಗುತ್ತದೆ. ಇದನ್ನು ಅಮ್ಮಂದಿರನ್ನಲ್ಲ, ಸಿಸ್ಟರನ್ನೇ ಕೇಳಿ. "ಸ್ವಲ್ಪ ಕೂತ್ಕೋತಾನೆ ಮಿಸ್" ಅಂತ ಅಮ್ಮ ಅಂದರೂ, ಡಾಕ್ಟರ್ ಕೂರಿಸಬೇಡಿ ಅಂದಿರಬಹುದು.

ಉದಾಹರಣೆಗೆ ಇಂಥ ಒಂದು ವಾರ್ಡ್ ಇಟ್ಟುಕೊಳ್ಳೋಣ. ಒಂದನೇ ಹಾಸಿಗೆಯಲ್ಲಿ ಏಳು ವರ್ಷದ ಹುಡುಗ, ತೊಡೆ ಮೂಳೆ ಮುರಿತ, ಟ್ರ್ಯಾಕ್ಷನ್. ಅಂಗಾತ ಮಲಗಿದ್ದಾನೆ, ಎರಡೂ ಕೈ ಆರಾಮ. ಎರಡನೆಯದರಲ್ಲಿ ಹತ್ತು ವರ್ಷದ ಹುಡುಗಿ, ಎಡಗೈಗೆ ಪ್ಲಾಸ್ಟರ್, ಬಲಗೈಗೆ ಡ್ರಿಪ್; ಅಂದರೆ ಕೈಯೇ ಇಲ್ಲದ ಲೆಕ್ಕ. ಮೂರರಲ್ಲಿ ಹನ್ನೆರಡರ ಹುಡುಗ, ಕಾಲಿನ ಸುತ್ತ ಮೂಳೆಗೆ ತಂತಿಯಿಂದ ಬಿಗಿದ ಇಲಿಜರೋವ್ ಉಂಗುರಗಳು, ಕೂರಬಹುದು. ನಾಲ್ಕರಲ್ಲಿ ಆರು ವರ್ಷದ ಹುಡುಗಿ, ಎದೆಯ ಕೆಳಗಿನಿಂದ ಕಾಲಿನವರೆಗೆ ಹಿಪ್ ಸ್ಪೈಕಾ ಪ್ಲಾಸ್ಟರ್. ಐದರಲ್ಲಿ ಒಂಬತ್ತರ ಹುಡುಗ, ಮೂಳೆ ಸೋಂಕು, ಎಡಗೈಗೆ ಡ್ರಿಪ್. ಆರರಲ್ಲಿ ಹದಿಮೂರರ ಹುಡುಗಿ, ಬೆನ್ನುಮೂಳೆಯ ಆಪರೇಷನ್ ಆಗಿದೆ, ತಾನಾಗಿ ಹೊರಳುವ ಹಾಗಿಲ್ಲ, ಛಾವಣಿ ಬಿಟ್ಟರೆ ಏನೂ ಕಾಣುವುದಿಲ್ಲ. ಬರೆಯುವ ಅನುಕೂಲಕ್ಕೆ ಇಲ್ಲಿ ನಂಬರ್ ಹಾಕಿದ್ದೇನೆ. ವಾರ್ಡಿನಲ್ಲಿ ದಿನವಿಡೀ "ಬೆಡ್ ನಂಬರ್ ನಾಲ್ಕು" ಅಂತ ಕರೆಸಿಕೊಳ್ಳುವ ಮಕ್ಕಳನ್ನು ನೀವಾದರೂ ಹೆಸರು ಹಿಡಿದು ಕರೆಯಿರಿ.

ಒಂದನೇ ತರಗತಿಯಿಂದ ಎಂಟನೇ ತರಗತಿವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಅಂದರೆ ಹೊಸಬರು ಗಾಬರಿಯಾಗುತ್ತಾರೆ. ಕರ್ನಾಟಕದ ಸರ್ಕಾರಿ ಶಾಲೆಯಲ್ಲಿ ನಲಿಕಲಿ ಮಾಡಿದವರು ಆಗುವುದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಆ ಪದ್ಧತಿಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೇ ಕೂತು, ತಂತಮ್ಮ ಮಟ್ಟದ ಕಾರ್ಡು ಹಿಡಿದು ಕಲಿಯುತ್ತಾರೆ. ಅಲ್ಲಿ ಮಗು ಎದ್ದು ಹೋಗಿ ಕಾರ್ಡು ತರುತ್ತದೆ, ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ಸಾಗುತ್ತದೆ. ಇಲ್ಲಿ ಯಾರೂ ಏಳುವ ಹಾಗಿಲ್ಲ. ಹಾಗಾಗಿ ವಸ್ತು ಸಾಗುವ ಬದಲು ಮಾತು ಸಾಗಬೇಕು.

ಎರಡನೆಯದು: ಹೊತ್ತು ಮತ್ತು ಸಾಮಾನು

ಡಾಕ್ಟರ್ ರೌಂಡ್ಸ್ ಮತ್ತು ಡ್ರೆಸ್ಸಿಂಗ್ ಮುಗಿದ ಮೇಲೆ, ಊಟಕ್ಕೆ ಮುಂಚೆ ಸಿಗುವ ಒಂದು ಗಂಟೆಯೇ ಒಳ್ಳೆಯ ಹೊತ್ತು. ಡ್ರೆಸ್ಸಿಂಗ್ ಆದ ಕೂಡಲೇ ಶುರು ಮಾಡಬೇಡಿ. ನೋವಿನ ಮಾತ್ರೆ ಕೊಟ್ಟಿದ್ದರೆ ಅದು ಹಿಡಿಯಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು, ಅದಾದ ಮೇಲೆ ಮಗು ಮಾತಿಗೆ ಸಿಗುತ್ತದೆ. ಪಾಠ 40 ನಿಮಿಷ ಸಾಕು. ಇನ್ನೊಂದು ವಿಷಯ ಸಿಸ್ಟರನ್ನು ತಪ್ಪದೆ ಕೇಳಿ: ಇವತ್ತು ಯಾರಿಗಾದರೂ ಆಪರೇಷನ್ ಇದೆಯಾ? ಇದ್ದರೆ ಆ ಮಗು ಬೆಳಗಿನಿಂದ ಹೊಟ್ಟೆಗೆ ಏನೂ ಇಲ್ಲದೆ ಕಾಯುತ್ತಿರುತ್ತದೆ. ಆ ದಿನ ಲೆಕ್ಕದಲ್ಲೂ ಲಾಡು, ಮಾವಿನಹಣ್ಣು ಬೇಡ.

ಸಾಮಾನಿನ ವಿಷಯದಲ್ಲಿ ಮೂಳೆ ವಾರ್ಡಿಗೆ ಅದರದ್ದೇ ಕಟ್ಟುಪಾಡುಗಳಿವೆ. ಎಣಿಸಲು ಹುಣಸೆಬೀಜ, ಕಡಲೆಕಾಳು, ಮಣಿ ಕೊಡುವುದು ಶಾಲೆಯಲ್ಲಿ ಸರಿ. ಇಲ್ಲಿ ಆ ಕಾಳು ಪ್ಲಾಸ್ಟರ್ ಒಳಗೆ ಜಾರಿದರೆ ಚರ್ಮವನ್ನು ಒತ್ತಿ ಹುಣ್ಣು ಮಾಡುತ್ತದೆ, ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ಚಿಕ್ಕ ಮಕ್ಕಳು ಸುಮ್ನೆ ಆಟಕ್ಕೆ ಬೇಕಂತಲೇ ತೂರಿಸುವುದೂ ಉಂಟು. ಪೆನ್ಸಿಲ್, ಸ್ಕೇಲು ಕೊಟ್ಟರೆ ತುರಿಕೆಗೆ ಅದನ್ನೇ ಒಳಗೆ ಹಾಕಿ ಕೆರೆದುಕೊಳ್ಳುತ್ತಾರೆ. ಹಾಗಾಗಿ ಕೊಡುವಾಗ ಎಣಿಸಿ, ವಾಪಸ್ ಪಡೆಯುವಾಗಲೂ ಎಣಿಸಿ. ಒಂದು ಪೆನ್ಸಿಲ್ ಕಡಿಮೆ ಬಂದರೆ ಹುಡುಕದೆ ಹೊರಡಬೇಡಿ. ಬಳಪವೂ ಬೇಡ. ಮೇಲಕ್ಕೆ ಹಿಡಿದ ಸ್ಲೇಟಿನ ಪುಡಿ ನೇರ ಕಣ್ಣಿಗೆ ಬೀಳುತ್ತದೆ.

ಅಂಗಾತ ಮಲಗಿದ ಮಗುವಿಗೆ ಬಾಲ್ ಪೆನ್ನು ಕೊಟ್ಟರೆ ನಾಲ್ಕು ಸಾಲಿಗೇ ನಿಲ್ಲುತ್ತದೆ. ಮುಳ್ಳು ಮೇಲ್ಮುಖವಾದಾಗ ಶಾಯಿ ಹಿಂದಕ್ಕೆ ಇಳಿಯುವುದೇ ಕಾರಣ. ಪಾಪ, ಮಗು ತನ್ನದೇ ತಪ್ಪು ಅಂದುಕೊಂಡು ಒತ್ತಿ ಒತ್ತಿ ಬರೆಯುತ್ತದೆ. ಮೆತ್ತನೆ 2ಬಿ ಪೆನ್ಸಿಲ್ ಯಾವ ಕೋನದಲ್ಲೂ ಬರೆಯುತ್ತದೆ. ಪರೀಕ್ಷೆಗೆ ಒಯ್ಯುವ ಹಗುರ ಪ್ಯಾಡಿಗೆ ಹಾಳೆ ಸಿಕ್ಕಿಸಿ, ಹೊಟ್ಟೆಯ ಮೇಲೆ ಸುತ್ತಿದ ಬೆಡ್‌ಶೀಟ್ ಇಟ್ಟು, ಅದಕ್ಕೆ ಪ್ಯಾಡ್ ಒರಗಿಸಿ. ಮೇಲಿಂದ ದಾರ ಕಟ್ಟಿ ನೇತುಹಾಕುವ ಉಪಾಯ ಬೇಡ, ಕೊರಳಿಗೋ ಡ್ರಿಪ್ ಕೊಳವೆಗೋ ಸುತ್ತಿಕೊಳ್ಳುತ್ತದೆ. ಸ್ಪೈಕಾ ಹಾಕಿದ ಮಗು ಬೋರಲಾಗಿ ಮಲಗಿದ್ದಾಗ, ಎದೆಯ ಕೆಳಗೆ ದಿಂಬು ಕೊಟ್ಟರೆ ಚೆನ್ನಾಗಿ ಬರೆಯುತ್ತದೆ. ಆದರೆ ಹೊರಳಿಸುವ ಕೆಲಸ ಸಿಸ್ಟರದ್ದು ಮತ್ತು ಅವರು ಕಲಿಸಿಕೊಟ್ಟ ಮನೆಯವರದ್ದು. ಕಾಲುಗಳ ನಡುವಿನ ಅಡ್ಡಕೋಲು ಹಿಡಿಕೆಯ ಹಾಗೆ ಕಾಣುತ್ತದೆ, ಆದರೆ ಅದನ್ನು ಹಿಡಿದು ಎತ್ತಿದರೆ ಪ್ಲಾಸ್ಟರ್ ಮುರಿಯಬಹುದು.

ಕೊನೆಯದಾಗಿ, ಒಬ್ಬರು ಮುಟ್ಟಿದ ವಸ್ತು ಇನ್ನೊಬ್ಬರಿಗೆ ಹೋಗಬಾರದು. ಐದನೇ ಹಾಸಿಗೆಯ ಸೋಂಕು ಮೂರನೇ ಹಾಸಿಗೆಯ ಉಂಗುರದ ಗಾಯಕ್ಕೆ ಹೋಗಲು ಒಂದು ಕಾರ್ಡು ಸಾಕು. ಪ್ರತಿ ಮಗುವಿಗೂ ಹೆಸರು ಬರೆದ ಬೇರೆ ಚೀಲ, ಬೇರೆ ಸಾಮಾನು. ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವಾಗ ನಿಮ್ಮ ಕೈಗೆ ಸ್ಯಾನಿಟೈಸರ್.

ಚಟುವಟಿಕೆ ಒಂದು: ಆರು ಹಾಸಿಗೆಯ ಸಂಖ್ಯೆ

ಲ್ಯಾಮಿನೇಟ್ ಮಾಡಿದ ಎ4 ಹಾಳೆಗಳಲ್ಲಿ 0ಯಿಂದ 9ರವರೆಗೆ ದಪ್ಪ ಕಪ್ಪು ಅಂಕಿ ಬರೆಯಿರಿ, ಎತ್ತರ 15 ಸೆಂ.ಮೀ. ಇರಲಿ. ಅಂಕಿ ಹಿಡಿಯುವ ಪ್ರತಿ ಮಗುವಿಗೂ ಪೂರ್ತಿ ಒಂದು ಕಟ್ಟು. ಒಂದೇ ಕಟ್ಟನ್ನು ಹಂಚಿದರೆ ಕಾರ್ಡುಗಳು ಹಾಸಿಗೆಯಿಂದ ಹಾಸಿಗೆಗೆ ಓಡಾಡಲು ಶುರು ಮಾಡುತ್ತವೆ.

ಸಾವಿರ, ನೂರು, ಹತ್ತು, ಬಿಡಿ ಅಂತ ನಾಲ್ಕು ಸ್ಥಾನಗಳನ್ನು ನಾಲ್ಕು ಮಕ್ಕಳಿಗೆ ಕೊಡಿ. ಇಲ್ಲಿ ಹಾಸಿಗೆಯ ಸಾಲನ್ನು ನಂಬಬೇಡಿ. ಎದುರುಬದುರು ಸಾಲುಗಳಿದ್ದರೆ ಒಬ್ಬರ ಎಡ ಇನ್ನೊಬ್ಬರ ಬಲವಾಗಿ, ಐದೇ ನಿಮಿಷದಲ್ಲಿ ಪಾಠ ಗೋಜಲಾಗುತ್ತದೆ. "ನೀನು ನೂರು" ಅಂತ ಹೆಸರಿಟ್ಟುಬಿಡಿ. ನಮ್ಮ ವಾರ್ಡಿನಲ್ಲಿ ಒಂದನೇ ಹಾಸಿಗೆ ಸಾವಿರ, ಮೂರನೆಯದು ನೂರು, ಐದನೆಯದು ಹತ್ತು, ನಾಲ್ಕನೇ ಹಾಸಿಗೆಯ ಪುಟ್ಟಿ ಬಿಡಿ.

ಉಳಿದ ಇಬ್ಬರಿಗೆ ದೊಡ್ಡ ಕೆಲಸ. ಎರಡೂ ಕೈ ಕಟ್ಟಿಹಾಕಿದಂತಿರುವ ಎರಡನೇ ಹಾಸಿಗೆಯ ಹುಡುಗಿ ಅಪ್ಪಣೆ ಕೊಡುವವಳು. ಛಾವಣಿ ಮಾತ್ರ ಕಾಣುವ ಆರನೇ ಹಾಸಿಗೆಯ ಹುಡುಗಿ ಓದುವವಳು. ಅವಳಿಗೆ ಕಾರ್ಡು ಕಾಣುವುದಿಲ್ಲ. ಹಾಗಾಗಿ ಪ್ರತಿಯೊಬ್ಬರೂ ತಮ್ಮ ಸ್ಥಾನ ಮತ್ತು ಅಂಕಿಯನ್ನು ಕೂಗಿ ಹೇಳಲೇಬೇಕು: "ಸಾವಿರ ನಾಲ್ಕು", "ನೂರು ಸೊನ್ನೆ", "ಹತ್ತು ಏಳು", "ಬಿಡಿ ಎರಡು". ಅವಳು ಮನಸ್ಸಿನಲ್ಲೇ ಜೋಡಿಸಿ, "ನಾಲ್ಕು ಸಾವಿರದ ಎಪ್ಪತ್ತೆರಡು" ಅನ್ನುತ್ತಾಳೆ. ಅವಳು ಹೇಳುವವರೆಗೆ ಯಾರಿಗೂ ಸಂಖ್ಯೆ ಪೂರ್ತಿಯಾಗಿಲ್ಲ. ಅವಳಿಗೆ ಕಾಣದಿರುವುದೇ ಉಳಿದವರ ಬಾಯಿ ತೆರೆಸಿತು, ಅಲ್ವಾ?

ಈಗ ಎರಡನೇ ಹಾಸಿಗೆಯಿಂದ ಅಪ್ಪಣೆ: "ನೂರು, ಹತ್ತು ಅದಲುಬದಲು!" ಮೂರನೇ ಮತ್ತು ಐದನೇ ಹಾಸಿಗೆಯವರು ಒಬ್ಬರನ್ನೊಬ್ಬರು ಕೇಳಿ ತಮ್ಮ ಕಟ್ಟಿನಿಂದಲೇ ಹೊಸ ಕಾರ್ಡು ಎತ್ತಿ ಹಿಡಿಯುತ್ತಾರೆ. ಹೊಸ ಸಂಖ್ಯೆ 4702. ಎಷ್ಟು ಜಾಸ್ತಿ ಆಯಿತು?

ಬೇರೆ ಬೇರೆ ತರಗತಿಯ ಮಕ್ಕಳು ಕೂಡಿ ಕಲಿಯುವುದು ಈ ಪ್ರಶ್ನೆಯಲ್ಲಿ. ಆರು ವರ್ಷದವಳಿಗೆ ಪ್ರಶ್ನೆ ಇಷ್ಟೇ: "ನಿನ್ನ ಬಿಡಿ ಬದಲಾಯ್ತಾ?" ಇಲ್ಲ, ಇನ್ನೂ ಎರಡೇ. ಏಳು ವರ್ಷದವನಿಗೆ: "ಯಾವುದು ದೊಡ್ಡದು?" ಒಂಬತ್ತು, ಹತ್ತು ವರ್ಷದವರು ಕಳೆಯುತ್ತಾರೆ: 4702ರಲ್ಲಿ 4072 ಹೋದರೆ 630. ಹನ್ನೆರಡು, ಹದಿಮೂರರವರಿಗೆ ಕೇಳಿ: 630 ಎಲ್ಲಿಂದ ಬಂತು? ಏಳು ಮೊದಲು ಹತ್ತರ ಮನೆಯಲ್ಲಿ 70 ಆಗಿತ್ತು, ಈಗ ನೂರರ ಮನೆಯಲ್ಲಿ 700. ನಡುವಿನ ಅಂತರ 630, ಅಂದರೆ 7 × 90. ಈಗ ಅವರೇ ಹತ್ತು, ಬಿಡಿ ಅದಲುಬದಲು ಮಾಡಿಸಲಿ. 4720. ಅಂತರ 18, ಅಂದರೆ 2 × 9. ಬೇಕಿದ್ದರೆ 4702ಕ್ಕೆ ವಾಪಸ್ ಬಂದು ಸಾವಿರ, ಬಿಡಿ ಬದಲಿಸಿ ನೋಡಿ: 2704. ಅಂತರ 1998, ಅದು 2 × 999. ಯಾವ ಅಂಕಿ ಹಾಕಿದರೂ ಹತ್ತು, ಬಿಡಿ ಬದಲಿಸಿದಾಗ ಅಂತರ ಒಂಬತ್ತರ ಮಗ್ಗಿಯಲ್ಲೇ ಬರುತ್ತದೆಯಾ? ಇದನ್ನು ದೊಡ್ಡವರಿಗೆ ಬಿಟ್ಟುಬಿಡಿ. ಸಂಜೆಯವರೆಗೆ ಹಾಸಿಗೆಯಿಂದ ಹಾಸಿಗೆಗೆ ಕೂಗಾಡಿಕೊಂಡು ಪರೀಕ್ಷೆ ಮಾಡುತ್ತಾರೆ.

ಕೆಡುವುದು ಹೇಗೆ? ಸಾಮಾನ್ಯವಾಗಿ ಪಕ್ಕದಲ್ಲಿ ಕೂತ ಅಮ್ಮನಿಂದ. ಮಗು ಯೋಚಿಸುವ ಮೊದಲೇ ಅವರು ಕಾರ್ಡು ಎತ್ತಿಬಿಡುತ್ತಾರೆ. ಬೈಯಬೇಡಿ, ಅವರಿಗೂ ಒಂದು ಕೆಲಸ ಕೊಡಿ: "ಅಮ್ಮ, ನೀವು ಅವನ ಕೈ ಮಾತ್ರ. ಅವನು ಏನು ಹೇಳ್ತಾನೋ ಅಷ್ಟೇ ಎತ್ತಿ. ತಪ್ಪು ಹೇಳಿದರೆ ತಪ್ಪೇ ಎತ್ತಿ." ಇದನ್ನು ಹೇಳಿದ ಮೇಲೆ ವಾರ್ಡಿನಲ್ಲಿ ನಗು ಜಾಸ್ತಿ, ತಪ್ಪೂ ಜಾಸ್ತಿ. ಮಗುವಿಗೆ ಎಲ್ಲಿ ತಿಳಿದಿಲ್ಲ ಅನ್ನುವುದು ನಿಮಗೆ ಕಾಣುವುದೂ ಆಗಲೇ.

ಚಟುವಟಿಕೆ ಎರಡು: ರಾಟೆಯ ಪಾಠ

ವಿಜ್ಞಾನಕ್ಕೆ ಉಪಕರಣ ಹೊರಗಿನಿಂದ ತರಬೇಕಿಲ್ಲ. ಒಂದನೇ ಹಾಸಿಗೆಯ ಕಾಲ ಬದಿಯಲ್ಲೇ ರಾಟೆ ಇದೆ, ಹಗ್ಗ ಇದೆ, ತೂಕ ನೇತಾಡುತ್ತಿದೆ. ಆದರೆ ಅದು ಒಂದು ಮಗುವಿನ ಕಾಲು. ಮೊದಲು ಆ ಹುಡುಗನನ್ನು ಒಬ್ಬನನ್ನೇ ಕೇಳಿ: "ನಿನ್ನ ರಾಟೆ ಬಗ್ಗೆ ಮಾತಾಡಬಹುದಾ?" ಬೇಡ ಅಂದರೆ ಬಾವಿಯ ರಾಟೆ ಸಾಕು. ಒಪ್ಪಿದರೂ ಆ ಹಗ್ಗ, ಆ ತೂಕವನ್ನು ನೀವಾಗಲಿ, ಬೇರೆ ಮಕ್ಕಳ ಮನೆಯವರಾಗಲಿ ಮುಟ್ಟಬಾರದು. ನೋಡುವುದು ಮಾತ್ರ.

ಮೂರು ಪ್ರಶ್ನೆಗಳಿವೆ. ತೂಕ ಕೆಳಕ್ಕೆ ನೇತಾಡುತ್ತಿದ್ದರೆ ಕಾಲು ಅಡ್ಡಕ್ಕೆ ಹೇಗೆ ಎಳೆಯಲ್ಪಡುತ್ತದೆ? ಅಷ್ಟು ಹೊತ್ತು ಎಳೆದರೂ ಹುಡುಗ ಯಾಕೆ ಹಾಸಿಗೆಯ ತುದಿಗೆ ಜಾರುವುದಿಲ್ಲ? ತೂಕ ನೆಲಕ್ಕೆ ತಾಗಿದರೆ ಏನಾಗುತ್ತದೆ? ಪ್ರತಿ ಮಗುವೂ ಊಹೆ ಹೇಳಲಿ, ನೀವು ಸರಿ ತಪ್ಪು ಅನ್ನಬೇಡಿ.

ಆಮೇಲೆ ನಡುವಿನ ಮೇಜಿನ ಮೇಲೆ ಮಾದರಿ ಕಟ್ಟಿ. ಸುಮಾರು 40 ಸೆಂ.ಮೀ. ಉದ್ದದ ನುಣುಪಾದ ತಟ್ಟೆ ಅಥವಾ ಹಲಗೆ, ಚೆನ್ನಾಗಿ ಉರುಳುವ 200 ಗ್ರಾಂ ತೂಕದ ಆಟಿಕೆ ಕಾರು, ದಾರ, ಖಾಲಿ ದಾರದ ಉಂಡೆ, ಅದರೊಳಗೆ ತೂರಿಸಲು ಒಂದು ಕಡ್ಡಿ. ಉಂಡೆ ಹಲಗೆಯ ತುದಿಯಲ್ಲಿ ರಾಟೆಯಾಗಿ ತಿರುಗಬೇಕು. ಕಾರಿಗೆ ದಾರ ಕಟ್ಟಿ, ರಾಟೆಯ ಮೇಲಿಂದ ಇಳಿಬಿಟ್ಟು, ತುದಿಯ ಪುಟ್ಟ ಚೀಲದಲ್ಲಿ ಐದು ರೂಪಾಯಿಯ ಐದು ನಾಣ್ಯ ಹಾಕಿ. ಅದು ಹತ್ತಿರ ಹತ್ತಿರ 30 ಗ್ರಾಂ. ನಾಣ್ಯಗಳು ನಿಮ್ಮ ಕೈಯಲ್ಲೇ ಇರಲಿ, ಹಾಸಿಗೆಗೆ ಹೋಗುವುದು ಬೇಡ.

ಹಲಗೆ ಮಟ್ಟವಾಗಿದ್ದಾಗ ಕಾರು ಬಿಟ್ಟರೆ ಸುಯ್ ಅಂತ ರಾಟೆಯ ಕಡೆ ಓಡುತ್ತದೆ. ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು: ಕೆಳಮುಖದ ಎಳೆತವನ್ನು ರಾಟೆ ಅಡ್ಡಕ್ಕೆ ತಿರುಗಿಸಿತು. ಈಗ ರಾಟೆ ಇರುವ ತುದಿಯ ಕೆಳಗೆ ಒಂದೊಂದೇ ಪುಸ್ತಕ ಇಡುತ್ತಾ ಹೋಗಿ. ಸುಮಾರು 6 ಸೆಂ.ಮೀ. ಎತ್ತರಕ್ಕೆ ಬಂದಾಗ ಕಾರು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ದೊಡ್ಡ ಮಕ್ಕಳಿಗೆ ಲೆಕ್ಕವೂ ಸಿಗುತ್ತದೆ: 200ಕ್ಕೆ 30 ಹೇಗೋ 40ಕ್ಕೆ 6 ಹಾಗೆ. ಚಕ್ರದ ತಿಕ್ಕಾಟ ಇರುವುದರಿಂದ ಒಂದು ಸೆಂ.ಮೀ. ಹೆಚ್ಚು ಕಡಿಮೆ ಆದರೂ ಕಾರು ನಿಂತೇ ಇರುತ್ತದೆ, ಸರಿಯಾಗಿ ಆರಕ್ಕೇ ನಿಲ್ಲಬೇಕು ಅಂತ ಹಟ ಬೇಡ. ಈಗ ಒಂದನೇ ಹಾಸಿಗೆಯ ಕಾಲ ಬದಿಯನ್ನು ನೋಡಲು ಹೇಳಿ. ಆ ಬದಿಯ ಮಂಚದ ಕಾಲುಗಳ ಕೆಳಗೆ ಮರದ ದಿಮ್ಮಿ ಇಟ್ಟು ಎತ್ತರಿಸಿರುತ್ತಾರೆ. ತೂಕ ಕೆಳಗೆ ಎಳೆದರೆ, ಹುಡುಗನ ಮೈಭಾರವೇ ತಲೆಯ ಕಡೆಗೆ ಎಳೆಯುತ್ತದೆ. ದಿಮ್ಮಿ ಯಾಕೆ ಇಟ್ಟಿದ್ದಾರೆ ಅನ್ನುವುದು ದಿನವೂ ಅದನ್ನು ನೋಡುವ ಮನೆಯವರಿಗೂ ಆಗಲೇ ಹೊಳೆಯುವುದುಂಟು. ಕೆಲವು ವಾರ್ಡುಗಳಲ್ಲಿ ದಿಮ್ಮಿ ಇಡದೆ ಬೇರೆ ಬಗೆಯ ಟ್ರ್ಯಾಕ್ಷನ್ ಹಾಕಿರುತ್ತಾರೆ, ಹಾಗಿದ್ದರೆ ಇದನ್ನು ಮಾದರಿಯಲ್ಲಷ್ಟೇ ತೋರಿಸಿ.

ಮೂರನೆಯದಕ್ಕೆ ನಾಣ್ಯದ ಚೀಲದ ಕೆಳಗೆ ಅಂಗೈ ಹಿಡಿಯಿರಿ. ದಾರ ಸಡಿಲವಾಯಿತು, ಕಾರು ಹಿಂದಕ್ಕೆ ಜಾರಿತು. ತೂಕ ನೆಲಕ್ಕೋ ಮಂಚದ ಕಂಬಿಗೋ ತಾಗಿದರೆ ಎಳೆತವೇ ಇಲ್ಲ. ಇಲ್ಲಿಂದ ಆ ಹುಡುಗನೇ ವಾರ್ಡಿನ ರಾಟೆ ಪಂಡಿತ. ತೂಕ ಗಾಳಿಯಲ್ಲಿ ತೂಗುತ್ತಿದೆಯೇ, ಹಗ್ಗ ರಾಟೆಯ ತೋಡಿನಲ್ಲೇ ಇದೆಯೇ ಎಂದು ಎದುರು ಹಾಸಿಗೆಯವರನ್ನು ಕೇಳಿ ತಿಳಿದುಕೊಳ್ಳುತ್ತಾನೆ, ಏನಾದರೂ ತಪ್ಪಿದ್ದರೆ ಸಿಸ್ಟರನ್ನು ಕೂಗುತ್ತಾನೆ. ಒಂದು ಎಚ್ಚರ: "ಸರಿಯಿಲ್ಲದಿದ್ದರೆ ಹೇಳು" ಅನ್ನುವುದು ಸರಿ, "ನೀನೇ ನೋಡಿಕೊಳ್ಳಬೇಕು" ಅನ್ನುವುದು ಸಲ್ಲ. ಅದು ಅವನ ಜವಾಬ್ದಾರಿಯಲ್ಲ, ಹಾಗಂದರೆ ರಾತ್ರಿ ನಿದ್ದೆ ಬಿಟ್ಟು ನೋಡುತ್ತಾ ಕೂರುವ ಮಕ್ಕಳಿರುತ್ತಾರೆ.

ಆರನೇ ಹಾಸಿಗೆಯವಳಿಗೆ ಈ ಮೇಜು ಕಾಣುವುದಿಲ್ಲ ಅನ್ನುವುದನ್ನು ಮರೆಯಬೇಡಿ. ಒಡೆಯದ ಪ್ಲಾಸ್ಟಿಕ್ ಕನ್ನಡಿಯನ್ನು ಅವಳ ಮುಖದ ಮೇಲೆ ಓರೆಯಾಗಿ ಯಾರಾದರೂ ಹಿಡಿದರೆ ಕಾಣುತ್ತದೆ. ಕನ್ನಡಿಯಲ್ಲಿ ಎಡಬಲ ತಿರುಗಿ ಕಾಣುತ್ತದೆ, ಹಾಗಾಗಿ ಅಕ್ಷರ, ಅಂಕಿ ಓದಿಸಲು ಇದು ಆಗದು. ಕಾರು ಓಡುವುದನ್ನು ನೋಡಲು ಧಾರಾಳವಾಗಿ ಸಾಕು.

ಚಟುವಟಿಕೆ ಮೂರು: ಎಲ್ಲರೂ ಸೇರಿ ಕಟ್ಟುವ ಕತೆ

ಭಾಷೆಗೆ ಒಬ್ಬರಿಗೊಂದು ವಾಕ್ಯದಂತೆ ಕತೆ ಕಟ್ಟಿಸಿ. ಇದು ಗೊತ್ತಿರುವ ಆಟವೇ. ವಾರ್ಡಿಗೆ ಬೇಕಾದ ಬದಲಾವಣೆ ಎರಡು. ಸರದಿಯನ್ನು ಹಾಸಿಗೆಯ ಕ್ರಮದಲ್ಲಿ ಇಡಬೇಡಿ, ಹೇಳಿ ಮುಗಿಸಿದವರು ಮುಂದಿನವರ ಹೆಸರು ಕರೆಯಲಿ. ಆಗ ಮುಖ ಕಾಣದವರ ಹೆಸರೂ ಎಲ್ಲರಿಗೂ ನೆನಪಿರುತ್ತದೆ. ಮತ್ತೆ, ಭಾಷೆಯ ವಿಷಯದಲ್ಲಿ ಕೈ ಸಡಿಲ ಬಿಡಿ. ರಾಯಚೂರಿನ ಕಡೆಯ ಮಗು, ಮನೆಯಲ್ಲಿ ಉರ್ದುವೋ ತೆಲುಗೋ ಆಡುವ ಮಗು ಒಂದೇ ವಾರ್ಡಿನಲ್ಲಿ ಇರುತ್ತವೆ. ತನ್ನ ಮಾತಿನಲ್ಲೇ ಹೇಳಲಿ, ಗೊತ್ತಿರುವ ಇನ್ನೊಬ್ಬರು ಕನ್ನಡದಲ್ಲಿ ಹೇಳಲಿ. ಬರೆದುಕೊಳ್ಳುವ ಕೆಲಸ ಕೂರಬಲ್ಲ ಮೂರನೇ ಹಾಸಿಗೆಯ ಹುಡುಗನದ್ದು. ಕತೆ ಅದೇ ದಿನ ಮುಗಿಯಬೇಕು. ನಾಳೆ ಯಾರು ಡಿಸ್ಚಾರ್ಜ್ ಆಗುತ್ತಾರೋ, ಯಾರನ್ನು ಆಪರೇಷನ್‌ಗೆ ಕರೆದೊಯ್ಯುತ್ತಾರೋ ಹೇಳಲಾಗದು. ವಾರಗಟ್ಟಲೆ ಎಳೆಯುವ ಯೋಜನೆಗಳು ಇಲ್ಲಿ ಅರ್ಧಕ್ಕೇ ನಿಲ್ಲುವುದು ಇದೇ ಕಾರಣಕ್ಕೆ.

ಯಾವಾಗ ನಿಲ್ಲಿಸಬೇಕು

ಮಗು ಮಾತು ಕಡಿಮೆ ಮಾಡಿ ಮುಖ ಗಂಟಿಕ್ಕಿದರೆ ಅದಕ್ಕೆ ಬೇಜಾರಾಗಿದೆ ಅಂದುಕೊಳ್ಳಬೇಡಿ, ನೋವು ಇರಬಹುದು. ಆ ಮಗುವಿಗೆ "ಈ ಸಲ ಕೇಳಿಸ್ಕೋ ಸಾಕು" ಅಂತ ಬಿಡುವು ಕೊಡಿ, ಉಳಿದವರ ಆಟ ನಡೆಯಲಿ. ಆದರೆ ಕೆಲವು ಲಕ್ಷಣ ಕಂಡರೆ ಪಾಠ ಅಲ್ಲಿಗೇ ನಿಲ್ಲಿಸಿ ಸಿಸ್ಟರನ್ನು ಕರೆಯಿರಿ. ಪ್ಲಾಸ್ಟರ್ ಅಥವಾ ಟ್ರ್ಯಾಕ್ಷನ್ ಇರುವ ಕಾಲಿನ ಬೆರಳು ನೀಲಿಗಟ್ಟಿದ್ದರೆ, ಬಿಳಿಚಿದ್ದರೆ, ತಣ್ಣಗಿದ್ದರೆ, ಊದಿದ್ದರೆ. ಮಗು ಬೆರಳು ಜುಮ್ಮೆನ್ನುತ್ತದೆ ಅಂದರೆ. ಬೆರಳು ಅಲ್ಲಾಡಿಸಿದಾಗ ಚೀರುವಷ್ಟು ನೋವಾದರೆ. ಕೈಗೆ ಪ್ಲಾಸ್ಟರ್ ಇದ್ದರೂ ಇದೇ ಮಾತು. ಪಾಠ ಮುಗಿಯಲಿ ಅಂತ ಕಾಯುವ ವಿಷಯ ಇದಲ್ಲ, ರಕ್ತ ಓಡಾಟಕ್ಕೆ ತಡೆ ಬಿದ್ದಿರಬಹುದು. ಡ್ರಿಪ್ ಕೊಳವೆಯಲ್ಲಿ ರಕ್ತ ಹಿಂದಕ್ಕೆ ಬಂದಿದ್ದರೂ, ಸೂಜಿ ಚುಚ್ಚಿದ ಜಾಗ ಊದಿದ್ದರೂ ಕರೆಯಿರಿ. ಕಾರ್ಡು ಎತ್ತುವ ಹುಮ್ಮಸ್ಸಿನಲ್ಲಿ ಡ್ರಿಪ್ ಇರುವ ಕೈಯನ್ನು ಮಡಚುವುದು ತುಂಬಾ ಸಾಮಾನ್ಯ.

ಮುಗಿಸುವಾಗ

ಪೆನ್ಸಿಲ್ ಎಣಿಸಿ. ಕಾರ್ಡುಗಳನ್ನು ಸ್ಪಿರಿಟ್‌ನಿಂದ ಒರೆಸಿ, ಒಣಗಿದ ಮೇಲೆ ಆಯಾ ಮಗುವಿನ ಚೀಲಕ್ಕೆ ಹಾಕಿ. ಮಗು ಬರೆದ ಹಾಳೆ ಮಗುವಿನದೇ. ಡಿಸ್ಚಾರ್ಜ್ ಆದಾಗ ಕಾಗದದ ಸಾಮಾನೆಲ್ಲ ಅವರ ಜೊತೆ ಹೋಗಲಿ, ಇನ್ನೊಬ್ಬರಿಗೆ ಬಳಸಬೇಡಿ.

ಪ್ರತಿ ಮಗುವಿಗೂ ಒಂದು ಅರ್ಧ ಹಾಳೆಯ ದಾಖಲೆ ಇಡಿ. ಮೊದಲ ವಾರದಲ್ಲೇ ಅಪ್ಪ ಅಮ್ಮನ ಒಪ್ಪಿಗೆ ಪಡೆದು ಮಗುವಿನ ಶಾಲೆಯ ಮೇಷ್ಟ್ರಿಗೆ ಫೋನ್ ಮಾಡಿ, ಗಣಿತದಲ್ಲಿ ಯಾವ ಪಾಠ ನಡೀತಿದೆ ಅಂತ ಕೇಳಿ. ರಾಜ್ಯ ಪಠ್ಯಕ್ರಮದ ಪುಸ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವುದರಿಂದ ಬೇಕಾದ ಪುಟಗಳನ್ನು ಮುದ್ರಿಸಿಕೊಳ್ಳಬಹುದು. ಮನೆಗೆ ಹೊರಡುವ ದಿನ ಶಾಲೆಗೆ ಕೊಡಲು ಚೀಟಿ ಬರೆಯಿರಿ. ಅದರಲ್ಲಿ "ಚೆನ್ನಾಗಿ ಕಲಿಯುತ್ತಾನೆ" ಅಂತ ಬರೆದರೆ ಯಾರಿಗೂ ಉಪಯೋಗವಿಲ್ಲ. ಹೀಗೆ ಬರೆಯಿರಿ: "ನಾಲ್ಕಂಕಿಯ ಸಂಖ್ಯೆ ಓದುತ್ತಾನೆ. ನಡುವೆ ಸೊನ್ನೆ ಬಂದರೆ ತಡವರಿಸುತ್ತಾನೆ, 4072ನ್ನು 472 ಅಂತ ಬರೆದ. ದಶಕ ಬಿಡಿಸಿ ಕಳೆಯುವುದು ಇನ್ನೂ ಶುರುವಾಗಿಲ್ಲ. ಮನೆಯಲ್ಲೂ ಕೆಲವು ವಾರ ಪ್ಲಾಸ್ಟರ್ ಇರುತ್ತದೆ, ಮಲಗಿಯೇ ಬರೆಯುತ್ತಾನೆ; ಪೆನ್ಸಿಲ್‌ನಲ್ಲಿ ಬರೆದ ಹೋಂವರ್ಕನ್ನು ದಯವಿಟ್ಟು ಒಪ್ಪಿಕೊಳ್ಳಿ."